ಮೂರೂ ಕಾಗದ ಬೀರುವಿನಲ್ಲಿದ್ದರೂ

ರಫ್ತಿನ ಕಾಗದಪತ್ರದ ಬಗ್ಗೆ ಸಲಹೆ ಕೇಳಿ ಬರುವವರಲ್ಲಿ, ಒರಿಜಿನಲ್ ಕಾಗದ ಕೈಯಲ್ಲಿದ್ದರೆ ಮಾಲು ಭದ್ರ ಅಂತ ನಂಬುವ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿ.

ಸಿದ್ದಾಪುರದ ಕಡೆಯ ಕಾಫಿ ಬೆಳೆಗಾರರು. ಮೊದಲ ಸಲ ತಾವೇ ರಫ್ತು ಮಾಡಿದ್ದರು. ಒಂದು ಕಂಟೇನರ್ ರೊಬಸ್ಟಾ, 60 ಕೆ.ಜಿ.ಯ 320 ಚೀಲ, ಮಂಗಳೂರಿನಿಂದ ಹೊರಟಿತ್ತು. ಶೇಕಡಾ 30 ಮುಂಗಡ ಬಂದಿತ್ತು, ಉಳಿದದ್ದು ಬಾಕಿ. ಅಷ್ಟರಲ್ಲಿ ಖರೀದಿದಾರ ಬಿ.ಎಲ್., ಅಂದರೆ ಮಾಲು ಹತ್ತಿಸಿಕೊಂಡದ್ದಕ್ಕೆ ಹಡಗು ಕಂಪನಿ ಕೊಡುವ ಬಿಲ್ ಆಫ್ ಲೇಡಿಂಗ್, ಸರೆಂಡರ್ ಮಾಡಿ ಅಂತ ಒತ್ತಾಯ ಶುರು ಮಾಡಿದ್ದ.

"ನಾನು ಮಾಡಲ್ಲ ಸರ್" ಅಂದರು. "ಮೂರೂ ಒರಿಜಿನಲ್ ನನ್ನ ಬೀರುವಿನಲ್ಲೇ ಇದೆ. ಅದಿಲ್ಲದೆ ಮಾಲು ಹೇಗೆ ಬಿಡಿಸ್ಕೊಳ್ತಾನೆ?"

"ಕನ್ಸೈನಿ ಅಂತ ಇರೋ ಚೌಕದಲ್ಲಿ ಏನಿದೆ, ಸ್ವಲ್ಪ ಓದಿ."

ಅದು ಮಾಲು ಪಡೆಯುವವರ ಹೆಸರು ಬರೆಯುವ ಚೌಕ. ಖರೀದಿದಾರನ ಕಂಪನಿ ಹೆಸರು, ವಿಳಾಸ ಓದಿದರು. 'ಆರ್ಡರ್' ಅನ್ನೋ ಪದ ಎಲ್ಲೂ ಇರಲಿಲ್ಲ. ಇದು ಸ್ಟ್ರೈಟ್ ಬಿ.ಎಲ್. ಮಾಲು ಆ ಹೆಸರಿನವನಿಗೇ, ಬೇರೆಯವರ ಹೆಸರಿಗೆ ಸಹಿ ಮಾಡಿ ದಾಟಿಸಲು ಆಗದು. ಅಮೆರಿಕದಂಥ ಕೆಲವು ಕಡೆ ಹಡಗು ಕಂಪನಿ ಒರಿಜಿನಲ್ ಕೇಳದೆ, ಗುರುತು ನೋಡಿಯೇ ಮಾಲು ಕೊಟ್ಟುಬಿಡಬಹುದು. ಇಂಗ್ಲೆಂಡಿನ ಕೋರ್ಟು ಒರಿಜಿನಲ್ ತೋರಿಸಲೇಬೇಕು ಅಂದಿದೆ. ಅಂದರೆ ಬೀರುವಿನ ಕಾಗದಕ್ಕೆ ಎಷ್ಟು ಬೆಲೆ ಅನ್ನೋದು ಮಾಲು ಇಳಿಯುವ ಊರಿನ ಮೇಲೆ ನಿಂತಿದೆ. ಅವರ ಮುಖ ಸಪ್ಪೆಯಾಯಿತು.

ಅದೇ ಚೌಕದಲ್ಲಿ 'ಟು ಆರ್ಡರ್ ಆಫ್ ಶಿಪ್ಪರ್' ಅಂತಿದ್ದರೆ ಕಥೆಯೇ ಬೇರೆ. ಕಾಗದದ ಹಿಂದೆ ಶಿಪ್ಪರ್, ಅಂದರೆ ಮಾಲು ಕಳಿಸಿದವರು, ಸಹಿ ಹಾಕಿ ಕೊಡೋವರೆಗೆ ಮಾಲು ಯಾರ ಕೈಗೂ ಹೋಗಬಾರದು. ಖರೀದಿದಾರನ ಹೆಸರು ನೋಟಿಫೈ ಪಾರ್ಟಿಯಲ್ಲಿ ಬಂದರೆ ಸಾಕು, ಅದು ಬರೀ ಸುದ್ದಿ ಮುಟ್ಟಿಸೋಕೆ.

ಸರೆಂಡರ್ ಅಂದರೆ ಒರಿಜಿನಲ್‌ಗಳನ್ನು ಇಲ್ಲಿಯೇ ಹಡಗು ಕಂಪನಿಗೆ ಹಿಂತಿರುಗಿಸೋದು. ಅವರು ಆ ಕಡೆಯ ಕಚೇರಿಗೆ ತಿಳಿಸುತ್ತಾರೆ, ಕಾಗದ ಇಲ್ಲದೆಯೇ ಮಾಲು ಬಿಡುಗಡೆ. ದುಬೈಯಂಥ ಹತ್ತಿರದ ದಾರಿಯಲ್ಲಿ ಕೊರಿಯರ್‌ಗಿಂತ ಹಡಗೇ ಮೊದಲು ತಲುಪಬಹುದು. ಹಣ ಪೂರ್ತಿ ಬಂದಿದ್ದರೆ ಆಗ ಇದು ಒಳ್ಳೆ ಅನುಕೂಲ. ಬಾಕಿ ಇದ್ದರೆ ಕೈಯಲ್ಲಿದ್ದ ಒಂದೇ ಹಿಡಿತ ಬಿಟ್ಟ ಹಾಗೆ.

ನಾನು ಹೇಳಿದ್ದು ಎರಡೇ. ಇವತ್ತೇ ಸಾಗಣೆ ನೋಡಿಕೊಳ್ಳುವ ಫಾರ್ವರ್ಡರ್‌ಗೆ ಹೇಳಿ, ಮೂರೂ ಒರಿಜಿನಲ್ ಕೊಟ್ಟು ಕನ್ಸೈನಿ 'ಟು ಆರ್ಡರ್ ಆಫ್ ಶಿಪ್ಪರ್' ಅಂತ ಬದಲಿಸಿ ಹೊಸ ಬಿ.ಎಲ್. ಕೇಳಿ. ಹಡಗು ಬಂದರು ಮುಟ್ಟುವ ಮೊದಲೇ ಆಗಬೇಕು, ಶುಲ್ಕ ಬೀಳುತ್ತೆ. ಮತ್ತೆ, ಬ್ಯಾಂಕಿನಿಂದ ಹಣ ಕಳಿಸಿದ್ದೇವೆ ಅನ್ನೋ ಸ್ವಿಫ್ಟ್ ಸಂದೇಶದ ಪ್ರತಿ ನೋಡಿ ಸರೆಂಡರ್ ಮಾಡಬೇಡಿ. ಖಾತೆಗೆ ದುಡ್ಡು ಬಿದ್ದಿದೆಯಾ ನೋಡಿ.

"ಅಷ್ಟೂ ನಂಬಿಕೆ ಇಲ್ವಾ ಅಂತ ಅವನು ಕೇಳಲ್ವಾ?" ಅಂದರು. ಕೇಳಲಿ ಬಿಡಿ. ನನ್ನ ಸಲಹೆ ಒರಟು ಅಂತ ಕೆಲವರು ಹೇಳಿದ್ದುಂಟು. ಮೋಸ ಮಾಡದ ಖರೀದಿದಾರ ಕೂಡ ಬೆಲೆ ಕುಸಿದ ದಿನ ತಕರಾರು ತೆಗೆಯುತ್ತಾನೆ. ಮಾಲು ಅವನ ಗೋದಾಮಿಗೆ ಸೇರಿದ ಮೇಲೆ ಚೌಕಾಸಿಯಲ್ಲಿ ನಮ್ಮ ಮಾತು ನಡೆಯಲ್ಲ.

ಬದಲಾವಣೆ ಹೊತ್ತಿಗೆ ಸರಿಯಾಗಿ ಆಯಿತು. ಬಾಕಿ ಖಾತೆಗೆ ಬಂದ ಮೇಲೆ ಅವರು ಮೂರೂ ಪ್ರತಿಯ ಹಿಂದೆ ಸಹಿ ಹಾಕಿ, ಮಂಗಳೂರಿಗೆ ತಾವೇ ಹೋಗಿ ಸರೆಂಡರ್ ಮಾಡಿ ಬಂದರು.