ಫೋಟೋ ನೋಡಿ ಮುಧೋಳ ನಾಯಿಯ ಆರೋಗ್ಯ ಹೇಳಬಹುದಾ?

"ಒಂದು ವರ್ಷದ ಮುಧೋಳ ನಾಯಿಯ ಫೋಟೋ ಕಳಿಸಿದ್ದಾರೆ. ಪಕ್ಕೆಲುಬು ಕಾಣುತ್ತಿದೆ. ಹುಷಾರಿಲ್ವಾ?"

ಒಂದೆರಡು ಪಕ್ಕೆಲುಬು ಕಂಡರೆ ಗಾಬರಿ ಬೇಡ, ಮುಧೋಳದ ಮೈಕಟ್ಟೇ ಹಾಗೆ. ಒಳಸರಿದ ಹೊಟ್ಟೆಯೂ ಸಹಜ. ಆದರೆ ಬೆನ್ನುಮೂಳೆ, ಸೊಂಟದ ಮೂಳೆ ಚೂಪಾಗಿ ಎದ್ದು, ತೊಡೆ ಬತ್ತಿದ್ದರೆ ನಾಯಿ ಸೊರಗಿದೆ ಅಂತಲೇ ಅರ್ಥ.

ಕಣ್ಣಿನ ಸುತ್ತ ಕನ್ನಡಕ ಹಾಕಿದ ಹಾಗೆ ಕೂದಲು ಉದುರಿದೆಯಾ ನೋಡಿ. ಚರ್ಮದ ಹುಳುವಿನ ಕಜ್ಜಿ ಇರಬಹುದು. ಕಣ್ಣು ಹಸಿರಾಗಿ ಹೊಳೆದರೆ ಅದು ಸುಮ್ನೆ ಫ್ಲ್ಯಾಶ್ ಬೆಳಕು. ಅಂಥ ಫೋಟೋದಲ್ಲಿ ಪೊರೆ ಗೊತ್ತಾಗುವುದಿಲ್ಲ.

ಕಾಲು ಎತ್ತಿ ನಿಂತಿದ್ದರೆ ನೋವೋ, ಹೆಜ್ಜೆ ಇಡುತ್ತಿತ್ತೋ? ಹಗಲಲ್ಲಿ ನಡೆಯುವ ವಿಡಿಯೋ ಕೇಳಿ. ಉಣ್ಣೆ ಹುಳು ಕಚ್ಚಿ ಬರುವ ಜ್ವರದಲ್ಲಿ ಒಸಡು ಬಿಳಚಿರಬಹುದು, ಅದನ್ನು ತುಟಿ ಎತ್ತಿಯೇ ನೋಡಬೇಕು. ಖಚಿತವಾಗಲು ರಕ್ತ ಪರೀಕ್ಷೆ ಮಾಡಿಸಬೇಕು.