ಡಬ್ಬಿ ಯಾವಾಗ ಕಳೆಯಬೇಕು?

"ರಾಯಚೂರಿಂದ ನ್ಯೂಜೆರ್ಸಿಗೆ ಹೋದ 7 ವರ್ಷದ ಹುಡುಗಿ ಶಾಲೆಯ ಮೊದಲ ದಿನವೇ ಊಟದ ಡಬ್ಬಿ ಕಳ್ಕೊಳ್ತಾಳೆ. 8 ನಿಮಿಷದ ಕಿರುಚಿತ್ರ. ಮಧ್ಯದಲ್ಲಿ ಕಥೆ ನಿಂತೇಹೋಗ್ತಿದೆ, ಏನು ಮಾಡಲಿ?"

ಡಬ್ಬಿ ಊಟದ ಹೊತ್ತಿಗೆ ಕಳೆದರೆ ತಡವಾಯ್ತು. 2ನೇ ನಿಮಿಷದೊಳಗೆ ಶಾಲಾ ಬಸ್ಸಿನ ಸೀಟಿನಡಿ ಉಳಿಸಿಬಿಡಿ. ನೋಡುವವರಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ತರಗತಿಯ ಸಾದಾ ದೃಶ್ಯಕ್ಕೂ ಆಗ ಬಿಗಿ ಬರುತ್ತೆ.

ಮಧ್ಯಭಾಗವನ್ನು ಒಂದೇ ಪದ ಎಳೆದುಕೊಂಡು ಹೋಗಲಿ. ಅವಳು "ಡಬ್ಬಿ, ಡಬ್ಬಿ" ಅಂತಾಳೆ, ಟೀಚರ್ ಕಿವಿಗೆ ಅದು "ಡ್ಯಾಡಿ". ಪಾಪ, ಒಳ್ಳೆಯ ಮನಸ್ಸಿನಿಂದಲೇ ಆಫೀಸಿಗೆ ಕರೆದೊಯ್ದು ಅಪ್ಪನಿಗೆ ಫೋನ್ ಮಾಡಿಸ್ತಾರೆ. ಅಪ್ಪ ಕೆಲಸ ಬಿಟ್ಟು ಓಡಿಬರ್ತಾನೆ, ಬರಿಗೈಯಲ್ಲಿ. ವಾಸನೆ ಅಂತ ಮಕ್ಕಳು ಮೂಗು ಮುಚ್ಚುವ ದೃಶ್ಯ ಬೇಡ, ಸವೆದುಹೋಗಿದೆ.

ಸ್ಟೀಲ್ ಮುಚ್ಚಳದ ಮೇಲೆ ಅಜ್ಜಿಯ ಹೆಸರು ಕನ್ನಡದಲ್ಲಿ ಚುಕ್ಕಿಚುಕ್ಕಿಯಾಗಿ ಕೊರೆದಿರಲಿ. ಡ್ರೈವರ್‌ಗೆ ಡಬ್ಬಿ ಸಿಕ್ಕರೂ ಅಕ್ಷರ ಓದಲಾಗದು, ಯಾರದ್ದೆಂದು ತಿಳಿಯದು. ಅದಕ್ಕೇ ಸಂಜೆಯವರೆಗೂ ಅದು ಬಸ್ಸಲ್ಲೇ ಇರುವುದು ನಂಬುವಂತಿರುತ್ತೆ.

ಸದ್ದು ದಾಖಲಿಸುವಾಗ ಡಬ್ಬಿಯೊಳಗೆ ನಿಜವಾದ ರೊಟ್ಟಿ, ಶೇಂಗಾ ಚಟ್ನಿ ಇಡಿ. ಖಾಲಿ ಡಬ್ಬಿ ಠಣ್ಣನೆ ಮೊಳಗಿ ಸುಳ್ಳು ಹೇಳುತ್ತೆ. ಕೊನೆಗೆ ಅವಳು ಖಾಲಿ ಮಾಡಿದ ಮೇಲೆ ಮಾತ್ರ ಆ ಠಣ್ ಕೇಳಿಸಲಿ.