ಕೇಬಲ್ ಸರಿ ಇದೆ, ಚುಚ್ಚಿದ ತೂತು ತಪ್ಪು

ಪ್ರಶ್ನೆ: ಸೌಂಡ್‌ಬಾರ್‌ಗೆ ಎಚ್‌ಡಿಎಂಐ ಹಾಕಿದೆ, ಧ್ವನಿ ಬರಲಿಲ್ಲ. ಅಂಗಡಿಯವರು ಆಪ್ಟಿಕಲ್ ಕೇಬಲ್ ಹಾಕಿಕೊಟ್ಟರು. ಈಗ ಧ್ವನಿ ಬರುತ್ತೆ, ಆದ್ರೆ ವಾಲ್ಯೂಮ್‌ಗೆ ಬೇರೆ ರಿಮೋಟ್ ಹುಡುಕಬೇಕು. ಒಂದರಲ್ಲೇ ಆಗಲ್ವಾ ಸರ್? (ವಿದ್ಯಾನಗರ, ದಾವಣಗೆರೆ)

ಉತ್ತರ: ಆಗುತ್ತದೆ. ಆದರೆ ಆಪ್ಟಿಕಲ್‌ನಲ್ಲಿ ಹೋಗುವುದು ಬರೀ ಧ್ವನಿ. 'ಜಾಸ್ತಿ ಮಾಡು, ಕಮ್ಮಿ ಮಾಡು' ಎಂಬ ಮಾತು ಹೋಗುವುದು ಎಚ್‌ಡಿಎಂಐ ಒಳಗಿನ ಸಿಇಸಿ ಎಂಬ ತಂತಿಯಲ್ಲಿ. ಅದನ್ನು ಬಿಚ್ಚಿ ಆಪ್ಟಿಕಲ್ ಹಾಕಿದವರು ನಿಮ್ಮ ಕೈಗೆ ಎರಡನೇ ರಿಮೋಟ್ ಕೊಟ್ಟು ಹೋದರು, ಅಷ್ಟೇ.

ಮೊನ್ನೆ ಪಿ.ಜೆ. ಬಡಾವಣೆಯ ಒಂದು ಮನೆಯಲ್ಲೂ ಇದೇ ಕಥೆ. ಟಿವಿ ಹಿಂದೆ ಮೂರು ಎಚ್‌ಡಿಎಂಐ ತೂತು. ಟಿವಿಯ ಧ್ವನಿಯನ್ನು ಬಾರ್‌ಗೆ ಕಳಿಸುವ ತೂತಿಗೆ ARC, ಅಂದರೆ 'ಆಡಿಯೋ ರಿಟರ್ನ್ ಚಾನೆಲ್' ಎಂಬ ಗುರುತು ಇರುತ್ತದೆ. ಅದನ್ನು ಬರೆದಿದ್ದು ಎರಡನೆಯದರ ಮೇಲೆ ಮಾತ್ರ. ಡಿಶ್ ಹಾಕಲು ಬಂದ ಹುಡುಗ ಕೈಗೆ ಸಿಕ್ಕಿದ್ದಕ್ಕೆ ಸೆಟ್‌ಟಾಪ್ ಬಾಕ್ಸ್ ಚುಚ್ಚಿ ಹೋಗಿದ್ದ, ಅದು ಆ ಎರಡನೆಯದೇ. ಬಾಕ್ಸನ್ನು ಒಂದಕ್ಕೆ ಸರಿಸಿ, ಬಾರ್‌ನ ಕೇಬಲ್ ಎರಡಕ್ಕೆ ಹಾಕಿದೆ.

ಬಾರ್ ಕಡೆಯೂ ತಪ್ಪಿತ್ತು. ಟಿವಿಯಿಂದ ಧ್ವನಿ ಒಳಗೆ ಬರಬೇಕಲ್ವಾ ಅಂತ ಮನೆಯವರು 'ಇನ್' ಎಂದಿದ್ದಕ್ಕೆ ಹಾಕಿದ್ದರು. ಹಾಕಬೇಕಾದ್ದು 'ಔಟ್' ಎಂದಿರುವುದಕ್ಕೆ. ಚಿತ್ರ ಅಲ್ಲಿಂದ ಟಿವಿಗೆ ಹೋಗುತ್ತದೆ, ಟಿವಿಯ ಧ್ವನಿ ಅದೇ ಕೇಬಲ್‌ನಲ್ಲಿ ವಾಪಸ್ ಬರುತ್ತದೆ. 'ರಿಟರ್ನ್' ಎನ್ನುವುದು ಅದಕ್ಕೇ.

ಆಮೇಲೆ ಟಿವಿ ಸೆಟ್ಟಿಂಗ್ಸ್‌ನಲ್ಲಿ ಸಿಇಸಿ ಆನ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ Anynet+, ಎಲ್‌ಜಿಯಲ್ಲಿ SIMPLINK, ಸೋನಿಯಲ್ಲಿ BRAVIA Sync ಎಂಬ ಹೆಸರಿರುತ್ತದೆ. ಧ್ವನಿಯ ಔಟ್‌ಪುಟ್ ಅನ್ನು ಟಿವಿ ಸ್ಪೀಕರ್‌ನಿಂದ ಎಚ್‌ಡಿಎಂಐಗೆ ಬದಲಿಸಿ. ಆಪ್ಟಿಕಲ್ ತೆಗೆದುಬಿಡಿ. ಟಿವಿ ರಿಮೋಟ್‌ನಲ್ಲಿ ವಾಲ್ಯೂಮ್ ಒತ್ತಿದಾಗ ಬಾರ್‌ನ ಡಿಸ್‌ಪ್ಲೇಯಲ್ಲಿ ಅಂಕಿ ಏರಿದರೆ ಕೆಲಸ ಆಯಿತು.

ಆ ಮನೆಯಲ್ಲಿ ಇಷ್ಟಾದರೂ ಬಾರ್ ಬಾಯಿ ಬಿಡಲಿಲ್ಲ. ಎರಡನ್ನೂ ಗೋಡೆಯ ಪ್ಲಗ್‌ನಿಂದ ಕಿತ್ತು, ಎರಡು ನಿಮಿಷ ಬಿಟ್ಟು ಹಾಕಿದೆ, ಬಂತು. ಕರೆಂಟ್ ಹೋಗಿ ಬಂದ ಮೇಲೆ ಒಂದಕ್ಕೊಂದರ ಪರಿಚಯ ಮರೆತರೂ ಇದೇ ಮದ್ದು. ರಿಮೋಟ್‌ನಲ್ಲಿ ಆಫ್ ಮಾಡಿ ಆನ್ ಮಾಡಿದರೆ ಸಾಲದು. ವಾಲ್ಯೂಮ್ ಅಂಕಿ ಏರುತ್ತಿದ್ದೂ ಧ್ವನಿ ಇಲ್ಲವೆಂದರೆ ಟಿವಿಯ ಧ್ವನಿ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಅನ್ನು ಪಿಸಿಎಂ ಎಂಬ ಆಯ್ಕೆಗೆ ಹಾಕಿ ನೋಡಿ.

ಪ್ರಶ್ನೆ: ಚಿನ್ನದ ಲೇಪದ ಎರಡು ಸಾವಿರದ 'ಎಆರ್‌ಸಿ ಕೇಬಲ್' ಬೇಕೇ ಬೇಕಂತೆ, ನಿಜವಾ? (ಚಿತ್ರದುರ್ಗ)

ಉತ್ತರ: ಸುಳ್ಳು. ಬಾರ್ ಜೊತೆ ಡಬ್ಬಿಯಲ್ಲಿ ಬಂದ ಎಚ್‌ಡಿಎಂಐ ಕೇಬಲ್ ಸಾಕು.

ಪ್ರಶ್ನೆ: ಟಿವಿಯಲ್ಲಿ ಎಆರ್‌ಸಿ ಇಲ್ಲ. ಟಿವಿ ಬಿಚ್ಚಿ ಸ್ಪೀಕರ್ ವೈರ್‌ನಿಂದ ಲೈನ್ ಎಳೆದು ಕೊಡ್ತೀನಿ ಅಂತಾರೆ ಮೆಕ್ಯಾನಿಕ್. (ಹರಿಹರ)

ಉತ್ತರ: ಟಿವಿ ಮುಟ್ಟಲು ಬಿಡಬೇಡಿ. ನಿಮಗೆ ಆಪ್ಟಿಕಲ್ಲೇ ಗತಿ, ಎರಡು ರಿಮೋಟ್ ಇಟ್ಟುಕೊಳ್ಳಿ.